ಇಡೀ ವಾರ್ಡಿಗೆ ಒಂದೇ ಉಸಿರು

ಬೆಳಕು ಹರಿಯುವ ಮುನ್ನ ಶ್ರೀವಾಣಿ ಮಾಡಿ ಮುಗಿಸುವ ಕೆಲಸಗಳು ಇವು: ನಲ್ಲಿ ಬರುವ ದಿನವಾದರೆ ಡ್ರಮ್ಮು, ಬಿಂದಿಗೆ, ಬಕೆಟ್ಟು ತುಂಬಿಸುವುದು, ಬಾರದ ದಿನವಾದರೆ ಮೋಟರ್ ಹಾಕಿ, ಟ್ಯಾಂಕು ತುಂಬಿ ಸುರಿಯುವ ಸದ್ದಿಗೆ ಒಂದು ಕಿವಿ ಇಟ್ಟಿರುವುದು. ಬಾಗಿಲಿಗೆ ನೀರು, ರಂಗೋಲಿಯ ನಾಲ್ಕು ಎಳೆ. ಅತ್ತೆಗೆ ಸಕ್ಕರೆ ಹಾಕದ ಕಾಫಿ, ಗಂಡನಿಗೆ ಸಕ್ಕರೆ ಹಾಕಿದ ಕಾಫಿ, ಮಗನಿಗೆ ಹಾಲು. ಕುಕ್ಕರಿಗೆ ಬೇಳೆ. ಬೇಳೆ ಬೇಯುವಷ್ಟರಲ್ಲಿ ರೊಟ್ಟಿಗೆ ಹಿಟ್ಟು ಕಲಸಿ, ಈರುಳ್ಳಿ ಹೆಚ್ಚಿ, ತಟ್ಟಿ, ಬೇಯಿಸಿ, ಮೂರು ಡಬ್ಬಿ ಕಟ್ಟುವುದು. ಅತ್ತೆಯ ಮಧ್ಯಾಹ್ನದ ಊಟಕ್ಕೆ ಮುದ್ದೆ ಕಟ್ಟಿ ಹಾಟ್‌ಬಾಕ್ಸಿನಲ್ಲಿ ಮುಚ್ಚಿಡುವುದು. ಬೆಳಗಿನ ಮಾತ್ರೆಗಳನ್ನು ಬಿಡಿಸಿ ಒಂದು ಮುಚ್ಚಳದಲ್ಲಿ, ಮಧ್ಯಾಹ್ನದ್ದನ್ನು ಇನ್ನೊಂದು ಮುಚ್ಚಳದಲ್ಲಿ ಹಾಕಿಡುವುದು. ಗಂಡನ ಅಂಗಿಗೆ ಇಸ್ತ್ರಿ. ಒಗೆಯುವ ಬಟ್ಟೆ ನೆನೆಹಾಕುವುದು. ಸ್ನಾನ. ತನ್ನ ಕಾಫಿ ಕುಡಿಯುವುದು ಈ ಪಟ್ಟಿಯಲ್ಲಿ ಇಲ್ಲ. ಅದು ಆರಿದ ಮೇಲೆ ನಿಂತಲ್ಲೇ ಯಾವಾಗಲೋ ಆಗಿಹೋಗುತ್ತದೆ.

ಅಜ್ಜಂಪುರದ ಸ್ಟೇಷನ್ ಹಿಂದಿನ ಬೀದಿಯಲ್ಲಿ ಮನೆ. ಗಂಡ ದ್ವಾರಕಾನಾಥ ಅದೇ ಊರಿನ ಹೈಸ್ಕೂಲಿನಲ್ಲಿ ಗುಮಾಸ್ತ. ನಡೆದು ಹೋಗುವಷ್ಟು ಹತ್ತಿರ, ಹಾಗಾಗಿ ಅವನು ಏಳುವುದು ತಡ. ಮಗ ಆಕರ್ಷ್ ಪಿಯುಸಿ. ಅತ್ತೆ ಭಾಗೀರಥಮ್ಮನವರಿಗೆ ಸಕ್ಕರೆ ಕಾಯಿಲೆಯಿದೆ, ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ಇಲ್ಲ. ಶ್ರೀವಾಣಿ ತರೀಕೆರೆಯ ಹೊರಗಿರುವ ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಫಿಸಿಯಾಲಜಿ ಹೇಳಿಕೊಡುತ್ತಾಳೆ. ದೇಹದ ಒಂದೊಂದು ಭಾಗವೂ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಸುವ ವಿಷಯ ಅದು. ಅವಳೇನು ಪಾಠ ಮಾಡುತ್ತಾಳೆ ಎಂದು ಮನೆಯಲ್ಲಿ ಯಾರೂ ಕೇಳಿದವರಲ್ಲ. "ನರ್ಸ್ ಕಾಲೇಜಿಗೆ ಹೋಗ್ತಾಳೆ" ಎಂದರೆ ನೆಂಟರಿಗೆ ಸಾಕಾಗುತ್ತಿತ್ತು.

ಕಡೂರಿನ ತವರಿನಿಂದ ಮದುವೆಯಾಗಿ ಬಂದ ಮೇಲೆ ಅವಳು ವರ್ಷಗಟ್ಟಲೆ ಕೆಲಸಕ್ಕೆ ಹೋಗಿರಲಿಲ್ಲ. ಮಗು, ಮಾವನ ಪಾರ್ಶ್ವವಾಯು, ಮಾವನ ಸಾವು, ಅತ್ತೆಯ ಕಾಲು ಮುರಿತ, ಹೀಗೆ ಒಂದಾದ ಮೇಲೊಂದು. ಆ ವರ್ಷಗಳ ಮಧ್ಯಾಹ್ನಗಳಲ್ಲಿ ಟ್ರಂಕಿನಿಂದ ತಾನು ನರ್ಸಿಂಗ್ ಓದುವಾಗಿನ ಹಳೆಯ ಫಿಸಿಯಾಲಜಿ ಪುಸ್ತಕ ತೆಗೆದು ಒಂದು ಪುಟ ಓದುವಳು. ಸಂಜೆಯವರೆಗೆ ಅದೇ ಪುಟವನ್ನು ತಲೆಯಲ್ಲಿ ಇಟ್ಟುಕೊಂಡು ಪಾತ್ರೆ ತೊಳೆಯುವಳು, ಬಟ್ಟೆ ಹಿಂಡುವಳು. ಉಪ್ಪಿನಕಾಯಿ ಹೆಚ್ಚು ತಿಂದರೆ ಬಾಯಾರುವುದೇಕೆ? ಒಲೆಯ ಮುಂದೆ ಬೆವರುವ ದಿನ ಉಚ್ಚೆ ಕಡಿಮೆಯಾಗುವುದೇಕೆ? ಉಪ್ಪು, ನೀರು, ಮೂತ್ರಪಿಂಡ ಮೂರನ್ನೂ ಒಟ್ಟಿಗೆ ಹಿಡಿದು ನೋಡಿದಾಗ ಉತ್ತರ ತಾನಾಗಿ ಸಿಕ್ಕಿತ್ತು. ಬಾಯಿಪಾಠ ಒಪ್ಪಿಸಿಕೊಳ್ಳುವವರು ಯಾರೂ ಇಲ್ಲದ ಮನೆಯಲ್ಲಿ ಅವಳಿಗೆ ಅರ್ಥ ಮಾಡಿಕೊಳ್ಳುವ ಚಟ ಹತ್ತಿತು. ಉತ್ತರ ಸಿಕ್ಕ ಸಂಜೆ ಹೇಳಿಕೊಳ್ಳುವುದಕ್ಕೂ ಯಾರೂ ಇರಲಿಲ್ಲ. ಸಾರಿಗೆ ಒಗ್ಗರಣೆ ಹಾಕಿ ಸುಮ್ಮನಾಗುತ್ತಿದ್ದಳು.

ಹಾಗಾಗಿ ಮೊದಲ ವರ್ಷದ ತರಗತಿ ಅವಳಿಗೆ ನೌಕರಿ ಮಾತ್ರ ಆಗಿರಲಿಲ್ಲ. ಅದೊಂದೇ ಜಾಗದಲ್ಲಿ ಅವಳು ಈ ಮಾತನ್ನು ಗಟ್ಟಿಯಾಗಿ ಆಡುತ್ತಿದ್ದಳು. ಆ ತರಗತಿ ಕೈ ತಪ್ಪುವ ಭಯ ಈ ವರ್ಷ ಶುರುವಿನಲ್ಲೇ ಬಂತು.

ಹೊಸ ಬ್ಯಾಚಿನ ಮೊದಲ ದಿನ ಪ್ರಿನ್ಸಿಪಾಲ್ ಈರಭದ್ರಪ್ಪನವರು ಅವಳನ್ನು ಚೇಂಬರಿಗೆ ಕರೆಸಿದರು. ಹಿಂದಿನ ಬ್ಯಾಚಿನಲ್ಲಿ ಫಿಸಿಯಾಲಜಿಯಲ್ಲಿ ಕೆಲವರು ಬೋರ್ಡ್ ಪರೀಕ್ಷೆ ಫೇಲಾಗಿದ್ದರು.

"ನೀವು ಚೆನ್ನಾಗಿ ಹೇಳ್ತೀರಮ್ಮ, ನಾನೇ ಕಿಟಕೀಲಿ ನಿಂತು ಕೇಳಿದೀನಿ. ಕತೆ ಕೇಳಿದ ಹಂಗಿರ್ತದೆ. ಆದ್ರೆ ಕತೆಗೆ ಮಾರ್ಕ್ಸ್ ಇಲ್ವಲ್ಲ? ಇವತ್ತು ಹುಡುಗೀರಿಗೆ ನಾಲ್ಕು ಮಾತು ಹೇಳ್ತೀರಲ್ಲ, ಆಗ್ಲೇ ಹೇಳ್ಬಿಡಿ. ನಾಳೆಯಿಂದ ನೋಟ್ಸು ಬರೆಸ್ತೀನಿ, ಸಾಲು ಸಾಲು ಬಾಯಿಪಾಠ ಮಾಡಿ ಅಂತ."

"ಅರ್ಥ ಆಗದೆ ಬರೆಸಿದ್ರೆ ಸರ್..."

"ಅರ್ಥ ಆಮೇಲಾಗ್ತದೆ ಬಿಡಿ, ನಮ್ಗೆಲ್ಲಾ ಆಗ್ಲಿಲ್ವಾ? ಇಲ್ದಿದ್ರೆ ಸಬ್ಜೆಕ್ಟು ಅಭಿನವಂಗೆ ಕೊಡ್ಬೇಕಾಗ್ತದೆ. ಮ್ಯಾನೇಜ್‌ಮೆಂಟಿನೋರು ಕೇಳ್ತಾ ಇದಾರೆ."

ಅಭಿನವ ಹೊಸದಾಗಿ ಸೇರಿದ ಉಪನ್ಯಾಸಕ. ಒಳ್ಳೆಯ ಹುಡುಗ. ನಿಮಿಷಕ್ಕೆ ಇಷ್ಟು ಪದ ಎಂದು ಅಳೆದಂತೆ ನೋಟ್ಸ್ ಬರೆಸುತ್ತಿದ್ದ.

ಶ್ರೀವಾಣಿ ತರಗತಿಗೆ ಹೋದಳು. ಬುಕ್ಕಾಂಬುಧಿ, ಬೀರೂರು, ಅಮೃತಾಪುರ, ಕಡೂರು, ಸುತ್ತಲಿನ ಊರುಗಳಿಂದ ಬಂದ ಹುಡುಗಿಯರು ಹೊಸ ಬಿಳಿ ಕೋಟು ಹಾಕಿಕೊಂಡು ಕೂತಿದ್ದರು. ಹೆಚ್ಚಿನವರು ಕನ್ನಡ ಮಾಧ್ಯಮದವರು. ಸೀನಿಯರುಗಳಿಂದ ಗೈಡು ಆಗಲೇ ಕೈಗೆ ಬಂದಿತ್ತು.

"ಹಾರ್ಟ್ ಅಂದ್ರೇನು?" ಎಂದು ಕೇಳಿದಳು.

"ಹಾರ್ಟ್ ಈಸ್ ಎ ಹಾಲೋ ಮಸ್ಕ್ಯುಲರ್ ಆರ್ಗನ್..." ಇಡೀ ತರಗತಿ ಶಾಲೆಯ ಪ್ರಾರ್ಥನೆಯ ರಾಗದಲ್ಲಿ ಕೊನೆಯವರೆಗೆ ಒಪ್ಪಿಸಿತು.

"ಹಾಲೋ ಅಂದ್ರೆ?"

ಹಿಂದಿನಿಂದ ಒಂದು ಸಣ್ಣ ದನಿ, "ಪೊಳ್ಳು ಮೇಡಂ" ಎಂದಿತು.

"ಸರಿ. ಪೊಳ್ಳು ಯಾಕಿರ್ಬೇಕು? ಒಳಗೆಲ್ಲಾ ಗಟ್ಟಿ ಮಾಂಸ ಇದ್ದಿದ್ರೆ ಏನಾಗ್ತಿತ್ತು?"

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅದೇ ದನಿ, "ರಕ್ತ ತುಂಬ್ಕೊಳಕ್ಕೆ ಜಾಗಾನೇ ಇರ್ತಿರ್ಲಿಲ್ಲ" ಎಂದಿತು.

"ನೋಡಿದ್ಯಾ, ಇದು ಗೈಡಲ್ಲಿಲ್ಲ. ಆದ್ರೂ ಸರಿ. ಈಗ ಹೇಳಿ, ನಾಡಿ ನಿಮಿಷಕ್ಕೆ ಎಷ್ಟು?"

"ಸೆವೆಂಟಿ ಟೂ!"

"ಯಾರ್ದು?"

"ಎಲ್ರದ್ದೂ ಮೇಡಂ!"

ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ ಹುಡುಗಿಯನ್ನು ಎಬ್ಬಿಸಿದಳು. ಹೆಸರು ಶರಣ್ಯಾ, ಬುಕ್ಕಾಂಬುಧಿಯವಳು. ಬೆಂಚಿನ ಮೇಲೆ ಮಲಗು ಎಂದಾಗ ತರಗತಿ ಕಿಸಕ್ಕೆಂದಿತು. "ಲೇ, ನಿದ್ದೆ ಮಾಡ್ಬಿಟ್ಟಾಳು" ಎಂದಳು ಯಾರೋ. ಕೆಲವು ನಿಮಿಷ ಬಿಟ್ಟು ಶ್ರೀವಾಣಿ ಮಣಿಕಟ್ಟು ಹಿಡಿದು ಎಣಿಸಿದಳು. ಎಪ್ಪತ್ತು. ಆಮೇಲೆ ದಿಢೀರನೆ ಎಬ್ಬಿಸಿ ನಿಲ್ಲಿಸಿ ಮತ್ತೆ ಎಣಿಸಿದಳು. ತೊಂಬತ್ತರ ಹತ್ತಿರ.

"ಎದ್ದು ನಿಂತಿದ್ದಕ್ಕೇ ಶರಣ್ಯಾ ಬೇರೆ ಹುಡುಗಿ ಆಗೋದ್ಲಾ? ಏನಾಯ್ತು ಅಂತ ನೋಡಿ. ರಕ್ತಕ್ಕೂ ಭಾರ ಇದೆ. ಎದ್ದು ನಿಂತ ಕೂಡ್ಲೇ ಒಂದಿಷ್ಟು ರಕ್ತ ಕಾಲಿನ ರಕ್ತನಾಳಗಳಿಗೆ ಇಳಿಯುತ್ತೆ. ಹೃದಯಕ್ಕೆ ವಾಪಸ್ ಬರೋ ರಕ್ತ ಕಮ್ಮಿ ಆಗುತ್ತೆ. ಬಂದಿದ್ದೇ ಕಮ್ಮಿ ಅಂದ್ಮೇಲೆ ಒಂದೊಂದು ಬಡಿತಕ್ಕೂ ಹೊರಗೆ ತಳ್ಳೋದೂ ಕಮ್ಮಿ. ಒತ್ತಡ ಇಳಿಯುತ್ತೆ. ಕುತ್ತಿಗೆಯ ದೊಡ್ಡ ರಕ್ತನಾಳದ ಗೋಡೆಯಲ್ಲಿ ಈ ಒತ್ತಡ ನೋಡ್ಕೊಳ್ಳೋ ನರದ ತುದಿಗಳಿವೆ. ಅವು ಮಿದುಳಿಗೆ ಸುದ್ದಿ ಮುಟ್ಟಿಸ್ತವೆ. ಮಿದುಳು ಹೃದಯಕ್ಕೆ ಬೇಗ ಬಡಿ ಅನ್ನುತ್ತೆ, ಸಣ್ಣ ರಕ್ತನಾಳಗಳಿಗೆ ಬಿಗಿಯಾಗಿ ಅನ್ನುತ್ತೆ. ಒತ್ತಡ ಮತ್ತೆ ಸರಿಹೋಗುತ್ತೆ. ಬಗ್ಗಿ ಮನೆ ಒರೆಸ್ತಾ ಇದ್ದೋರು ತಟ್ಟಂತ ಎದ್ರೆ ಕಣ್ಣು ಕತ್ತಲೆ ಬರುತ್ತಲ್ಲ? ಈ ಸರಿ ಮಾಡೋ ಕೆಲಸ ಒಂದು ಗಳಿಗೆ ಹಿಂದೆ ಬಿದ್ದಿದೆ ಅಂತ ಅದರರ್ಥ."

ತರಗತಿ ಈಗ ಗೈಡು ನೋಡುತ್ತಿರಲಿಲ್ಲ.

"ಬಾಯಿಪಾಠ ಮಾಡ್ಬೇಡಿ ಅಂತ ನಾನು ಹೇಳಲ್ಲ. ಹೆಸರುಗಳನ್ನ ಮಾಡ್ಲೇಬೇಕು, ಅಂಕಿಗಳನ್ನೂ ಮಾಡ್ಬೇಕು. ಆದ್ರೆ ಸಾಲು ಸಾಲಾಗಿ ಕಲಿತೋರು ಒಂದು ಸಾಲು ಮರೆತ್ರೆ ಮುಂದಿನ ಸಾಲುಗಳೂ ಹೋಗ್ತವೆ. ಕಾರಣ ಗೊತ್ತಿದ್ದೋರು ಮರೆತ ಸಾಲನ್ನ ತಾವೇ ಕಟ್ಕೋತಾರೆ. ಯಾವ ಪುಟ ಓದಿದ್ರೂ ಮೂರು ಪ್ರಶ್ನೆ ಕೇಳ್ಕೊಳ್ಳಿ. ದೇಹ ಇಲ್ಲಿ ಯಾವುದನ್ನ ಹದದಲ್ಲಿ ಇಟ್ಕೋಬೇಕು ಅಂತಿದೆ? ಹದ ತಪ್ಪಿದ್ದು ಮೊದಲು ಯಾರಿಗೆ ಗೊತ್ತಾಗುತ್ತೆ? ಅದನ್ನ ಸರಿ ಮಾಡೋರು ಯಾರು? ಮನೇಲಿ ಉಪ್ಪಿನ ಡಬ್ಬಿ ಖಾಲಿಯಾದ ಹಂಗೇ ಇದು. ಖಾಲಿ ಆಗಿದ್ದು ಯಾರಿಗೆ ಗೊತ್ತಾಗುತ್ತೆ?"

"ಅಮ್ಮಂಗೆ!"

"ತರಿಸೋರು?"

"ಅಮ್ಮ!"

"ತುಂಬಿಡೋರು?"

"ಅಮ್ಮ!" ಹುಡುಗಿಯರು ಬೆಂಚು ಬಡಿದು ನಕ್ಕರು.

ಶ್ರೀವಾಣಿಯೂ ನಕ್ಕಳು. "ದೇಹದಲ್ಲಿ ಹಂಗಿಲ್ಲ ಕಣ್ರೇ. ಅಲ್ಲಿ ನೋಡೋರು ಬೇರೆ, ಸುದ್ದಿ ಹೇಳೋರು ಬೇರೆ, ಕೆಲಸ ಮಾಡೋರು ಬೇರೆ. ಎಲ್ಲ ಒಬ್ಬರ ತಲೆ ಮೇಲೇ ಬಿದ್ದಿದ್ರೆ ಯಾವ ದೇಹಾನೂ ಇಷ್ಟು ವರ್ಷ ಬಾಳ್ತಿರ್ಲಿಲ್ಲ."

ನಗು ಇಳಿದ ಮೇಲೆ ಹೇಳಿದಳು: "ಇಂಗ್ಲಿಷ್ ಬರಲ್ಲ ಅನ್ನೋ ಭಯಕ್ಕೆ ನೀವು ಬೇರೆಯವರ ಸಾಲು ಹಿಡ್ಕೊಂಡಿದೀರಿ, ನನಗೆ ಗೊತ್ತು. ತಪ್ಪು ಇಂಗ್ಲಿಷಲ್ಲಿ ಬರೀರಿ, ಪರವಾಗಿಲ್ಲ. ವಿಷಯ ಸರಿ ಇರ್ಲಿ. ನಾಳೆ ನಿಮ್ಮ ಕೈಗೆ ಬರೋ ರೋಗಿಗೆ ಗೈಡು ಗೊತ್ತಿರಲ್ಲ."

ಪ್ರಿನ್ಸಿಪಾಲರು ಹೇಳೆಂದ ಮಾತನ್ನು ಅವಳು ಹೇಳಲಿಲ್ಲ. ಇನ್ನೂ ಎದ್ದೇ ನಿಂತಿದ್ದ ಶರಣ್ಯಾ ಕೈಯೆತ್ತಿದಳು.

"ಮೇಡಂ, ಬೋರ್ಡ್ ಪೇಪರ್ ನೋಡೋರು ನೀವೇನಾ?"

"ಅಲ್ಲ."

"ಹಂಗಾರೆ ನಮ್ ತಪ್ಪು ಇಂಗ್ಲಿಷಿಗೆ ಅವ್ರು ಮಾರ್ಕ್ಸ್ ಕೊಡ್ತಾರಾ?"

ಶ್ರೀವಾಣಿ ಕೈಯಲ್ಲಿದ್ದ ಚಾಕ್ ಮೇಜಿನ ಮೇಲಿಟ್ಟಳು.

"ನಮ್ಮಪ್ಪ ಹೇಳೇ ಕಳ್ಸೈತೆ ಮೇಡಂ. ಒಂದ್ ಸಬ್ಜೆಕ್ಟ್ ಹೋದ್ರೂ ಮನೇಗ್ ಬಾ, ಗಂಡು ನೋಡೀವಿ ಅಂತ. ಫೇಲಾದ್ರೆ ಇನ್ನೊಂದ್ ಸಲ ಕೂರಕ್ಕೆ ನಂಗೆ ವರ್ಷ ಇಲ್ಲ." ಅವಳ ದನಿಯಲ್ಲಿ ಉದ್ಧಟತನ ಇರಲಿಲ್ಲ. ಇದ್ದದ್ದನ್ನು ಹೇಳಿ ಕೂತಳು. ಸುತ್ತಲಿನ ತಲೆಗಳು ಹೌದೆಂದು ಆಡಿದವು.

ಗಂಟೆ ಹೊಡೆಯಿತು. ಶ್ರೀವಾಣಿಗೆ ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಮನೆಗೆ ವಾಪಸು ಹೋಗುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಆದರೆ ಅಜ್ಜಂಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ಇಷ್ಟು ಹೇಳಿಯೂ ಆ ತರಗತಿಯಲ್ಲಿ ತಾನೊಬ್ಬಳೇ ನಿಂತಿದ್ದೆ ಅನ್ನಿಸಿತು.

ನೋಟ್ಸ್ ಬರೆಸದೆ ತಿಂಗಳುಗಳು ಕಳೆದವು. ಕಾಲೇಜಿನ ಮೊದಲ ಟೆಸ್ಟ್ ಬಂತು. ಪಕ್ಷಪಾತ ಆಗದಿರಲೆಂದು ಒಬ್ಬರ ವಿಷಯವನ್ನು ಇನ್ನೊಬ್ಬರು ತಿದ್ದುವುದು ಅಲ್ಲಿನ ಪದ್ಧತಿ, ಹಾಗಾಗಿ ಫಿಸಿಯಾಲಜಿ ಕಟ್ಟು ಅಭಿನವನ ಕೈಗೆ ಹೋಯಿತು. ರಕ್ತದ ಒತ್ತಡ ಎಂದರೇನೆಂಬ ಪ್ರಶ್ನೆಗೆ ಕೆಲವು ಹುಡುಗಿಯರು ಮುರುಕು ಇಂಗ್ಲಿಷಿನಲ್ಲಿ, ನಡುನಡುವೆ ಕನ್ನಡ ಸೇರಿಸಿ, ತಮಗೆ ತಿಳಿದಂತೆ ಬರೆದಿದ್ದರು. ಪುಸ್ತಕದ ಸಾಲು ಇಲ್ಲವೆಂದು ಅವನು ಅಡ್ಡಗೆರೆ ಎಳೆದಿದ್ದ. "ಬೋರ್ಡ್‌ನೋರು ಹಿಂಗೇ ತಿದ್ದೋದು ಮೇಡಂ. ಈಗ್ಲೇ ಗೊತ್ತಾಗ್ಲಿ ಅಂತ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಸೀನಿಯರಿನ ನೋಟ್ಸ್ ಉರು ಹೊಡೆದಿದ್ದ ಶರಣ್ಯಾ ಮೊದಲು ಬಂದಳು. ಮರುದಿನವೇ ನೋಟ್ಸ್ ಬೇಕೆಂದು ಹುಡುಗಿಯರೆಲ್ಲ ಪ್ರಿನ್ಸಿಪಾಲರ ಬಳಿ ಹೋದರು.

ಆ ವಾರವೇ ಅವರಿಗೆ ಆಸ್ಪತ್ರೆಯ ಪೋಸ್ಟಿಂಗ್ ಶುರುವಾಗಿತ್ತು. ಬೆಳಿಗ್ಗೆ ವಾರ್ಡಿಗೆ ಹೋಗಿ ರೋಗಿಗಳ ಜ್ವರ, ನಾಡಿ, ಉಸಿರು ನೋಡಿ ಬರೆಯಬೇಕು. ಹುಡುಗಿಯರ ಜೊತೆ ಹೋಗುವ ಆ ಕೆಲಸ ಯಾವ ಉಪನ್ಯಾಸಕರಿಗೂ ಬೇಡ. ಬೆಳಿಗ್ಗೆ ಬೇಗ ಹೋಗಬೇಕು, ಕೂರಲು ಕುರ್ಚಿ ಇಲ್ಲ, ಹೆಸರೂ ಇಲ್ಲ. ಹೋಗಬೇಕಿದ್ದವರಿಗೆ ಹುಷಾರಿಲ್ಲದ ಕಾರಣ ಆ ಗುರುವಾರ ಶ್ರೀವಾಣಿಯನ್ನು ಕಳಿಸಿದರು.

ಹೆಂಗಸರ ವಾರ್ಡಿನಲ್ಲಿ ಹುಡುಗಿಯರು ಬರೆದದ್ದನ್ನು ನೋಡುತ್ತ ಹೋದಳು. ಮೊದಲ ಮಂಚ: ನಾಡಿ ಎಪ್ಪತ್ತೆರಡು, ಉಸಿರು ಹದಿನೆಂಟು. ಎರಡನೆಯದು: ಎಪ್ಪತ್ತೆರಡು, ಹದಿನೆಂಟು. ಜ್ವರ ಬಂದು ಕಂಬಳಿಯೊಳಗೆ ನಡುಗುತ್ತಿದ್ದವಳಿಗೂ ಹದಿನೆಂಟು, ಗ್ಲೂಕೋಸ್ ಬಾಟಲಿ ಮುಗಿದು ಮನೆಗೆ ಹೊರಟವಳಿಗೂ ಹದಿನೆಂಟು. ಇಡೀ ವಾರ್ಡಿಗೆ ಒಂದೇ ಉಸಿರು. ಪುಸ್ತಕದಲ್ಲಿ ಸಾಮಾನ್ಯ ಎಂದು ಓದಿದ ಅಂಕಿಯನ್ನೇ ಹುಡುಗಿಯರು ಎದುರಿಗಿದ್ದವರ ಅಂಕಿಯೆಂದು ಬರೆದಿದ್ದರು. ಮೋಸ ಮಾಡಬೇಕೆಂದಲ್ಲ. ಉಸಿರು ಎಷ್ಟು ಎಂಬ ಪ್ರಶ್ನೆಗೆ ಅವರು ಕಲಿತ ಉತ್ತರ ಅದೊಂದೇ.

ಕಿಟಕಿ ಪಕ್ಕದ ಮಂಚದಲ್ಲಿ ವಯಸ್ಸಾದ ಹೆಂಗಸೊಬ್ಬಳು ಬೆನ್ನಿಗೆ ದಿಂಬು ಒಟ್ಟಿಕೊಂಡು ಕೂತಿದ್ದಳು. ಹೆಸರು ಮಹಬೂಬ್ ಬಿ, ಊರಿನವಳೇ. ಬಂದು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಅವಳಿಗೂ ಹದಿನೆಂಟು. ಬರೆದವಳು ಶರಣ್ಯಾ.

"ಹೇಗಿದೀರಮ್ಮ?" ಎಂದಳು ಶ್ರೀವಾಣಿ.

"ಚೆನ್ನಾಗಿದ್ರೆ... ಇಲ್ಲ್ಯಾಕೆ... ಬರ್ತಿದ್ದೆ ಬೇಟಿ?" ಮಹಬೂಬ್ ಬಿ ನಕ್ಕಳು. ಎರಡು ಪದಕ್ಕೊಂದು ಉಸಿರು.

ಶ್ರೀವಾಣಿ ಶರಣ್ಯಾಳನ್ನು ಮೆಲ್ಲಗೆ ಹತ್ತಿರ ಕರೆದಳು. "ರೆಸ್ಪಿರೇಷನ್ ಅಂದ್ರೇನು?" ಶರಣ್ಯಾ ಒಂದು ಅಕ್ಷರ ತಪ್ಪದೆ ಒಪ್ಪಿಸಿದಳು. "ಈಗ ಇವರ ಕೈ ಹಿಡ್ಕೊ, ನಾಡಿ ನೋಡ್ತಿರೋ ಹಾಗೆ. ಉಸಿರು ಎಣಿಸ್ತಿದೀವಿ ಅಂತ ಗೊತ್ತಾದ್ರೆ ಯಾರೂ ಸಹಜವಾಗಿ ಉಸಿರಾಡಲ್ಲ. ಎದೆ ಏಳೋದು ನೋಡು. ಪೂರ್ತಿ ಒಂದು ನಿಮಿಷ."

ಶರಣ್ಯಾ ಗಡಿಯಾರ ನೋಡುತ್ತ ಎಣಿಸಿದಳು. ಅರ್ಧಕ್ಕೆ ಬರುವಾಗಲೇ ಅವಳ ಮುಖ ಬದಲಾಯಿತು. ನಿಮಿಷ ಮುಗಿದಾಗ, "ಮೂವತ್ನಾಕು ಮೇಡಂ" ಎಂದಳು.

"ಓಡು. ಸಿಸ್ಟರಿಗೆ ಹೇಳು."

ವಾರ್ಡಿನ ಸಿಸ್ಟರ್ ಆಗಲೇ ಆಮ್ಲಜನಕದ ನಳಿಗೆ ಹಿಡಿದು ಬರುತ್ತಿದ್ದಳು. ಡಾಕ್ಟರು ಬಂದು ನೋಡಿದರು. ಹೃದಯ ಸೋತಿದೆ, ಶ್ವಾಸಕೋಶದಲ್ಲಿ ನೀರು ಎಂದರು. ಉಚ್ಚೆ ಹೋಗಿ ನೀರು ಇಳಿಯಲೆಂದು ಸೂಜಿ ಕೊಟ್ಟರು. ಸುಮಾರು ಹೊತ್ತಿನ ಮೇಲೆ ಮಹಬೂಬ್ ಬಿ ಇಡೀ ವಾಕ್ಯವೊಂದನ್ನು ಒಂದೇ ಉಸಿರಲ್ಲಿ ಹೇಳಿದಳು: "ನಾಲ್ಕು ರಾತ್ರಿಯಿಂದ ಕೂತ್ಕೊಂಡೇ ನಿದ್ದೆ ಬೇಟಿ, ಮಲಗಿದ್ರೆ ಯಾರೋ ಎದೆ ಮೇಲೆ ಕೂತ್ಕೊಂಡಂಗೆ."

"ಮನೇಲಿ ಹೇಳ್ಲಿಲ್ವಾ ಅಜ್ಜಿ?" ಎಂದಳು ಶರಣ್ಯಾ.

"ಹೇಳ್ದೆ. ವಯಸ್ಸಾಯ್ತು ಅಂದ್ರು. ರೊಟ್ಟಿ ಮಾಡೋಕೆ ವಯಸ್ಸಾಗಿರ್ಲಿಲ್ಲ ನೋಡು, ನಿನ್ನೆ ತನಕ ನಾನೇ ಮಾಡಿದ್ದು."

ಶ್ರೀವಾಣಿ ಶರಣ್ಯಾಳನ್ನು ಕಿಟಕಿಯ ಬಳಿಗೆ ಕರೆದೊಯ್ದಳು. ಬೈಯುತ್ತಾಳೆಂದು ಹುಡುಗಿ ತಲೆ ತಗ್ಗಿಸಿದಳು.

"ಮಲಗಿದ್ರೆ ಯಾಕೆ ಜಾಸ್ತಿ ಆಗುತ್ತೆ?"

"ಗೈಡಲ್ಲಿ..." ಶರಣ್ಯಾ ನಿಲ್ಲಿಸಿದಳು. ಅವಳ ಕಣ್ಣು ಮಹಬೂಬ್ ಬಿಯ ಊದಿದ ಪಾದಗಳ ಮೇಲಿತ್ತು. ಶ್ರೀವಾಣಿ ಬಾಯಿ ತುದಿಗೆ ಬಂದ ಉತ್ತರ ನುಂಗಿಕೊಂಡು ಕಾದಳು.

"ಮೇಡಂ... ಅವತ್ತು ನಾನು ಎದ್ದಾಗ ರಕ್ತ ಕಾಲಿಗ್ ಇಳೀತು ಅಂದ್ರಲ್ಲ. ಮಲಗಿದ್ರೆ ಉಲ್ಟಾ ಅಲ್ವಾ? ಕಾಲಲ್ಲಿರೋದು ವಾಪಸ್ ಎದೇಗ್ ಬತ್ತದೆ."

"ಹ್ಞೂಂ."

"ಬಂದಿದ್ದನ್ನೆಲ್ಲಾ ಹಾರ್ಟು ಮುಂದಕ್ ತಳ್ಬೇಕು. ಈ ಅಜ್ಜಿ ಹಾರ್ಟಿಗೆ ಆ ಶಕ್ತಿ ಇಲ್ಲ. ಹಿಂದೆ ನಿಲ್ತದೆ. ಹಿಂದೆ ಅಂದ್ರೆ..." ಬೆರಳಿನಿಂದ ಗಾಳಿಯಲ್ಲಿ ದಾರಿ ಗೀಚಿದಳು. "ಎಡಗಡೆಗೆ ರಕ್ತ ಬರೋದು ಶ್ವಾಸಕೋಶದಿಂದ. ಅಲ್ಲೇ ನಿಲ್ತದೆ! ಅಲ್ಲಿ ಒತ್ತಡ ಜಾಸ್ತಿ ಆಗಿ ನೀರು ಸೋರ್ತದೆ, ಗಾಳಿ ಇರೋ ಜಾಗಕ್ಕೆ. ಅದ್ಕೇ ಕೂತ್ಕೊಂಡಿದಾರೆ. ಕಾಲು ಕೆಳಗಿಳಿಬಿಟ್ರೆ ಇನ್ನೂ ಆರಾಮಾಗ್ತದಾ ಮೇಡಂ?"

"ಇದು ಯಾವ ಪುಟದಲ್ಲಿದೆ?"

ಶರಣ್ಯಾ ಬೆಪ್ಪಾಗಿ ನೋಡಿದಳು. ಆಮೇಲೆ ಅವಳ ಮುಖದಲ್ಲಿ ಬಂದದ್ದು ಟೆಸ್ಟಿನಲ್ಲಿ ಮೊದಲು ಬಂದಾಗ ಕಂಡ ಸಂತೋಷದಂತಿರಲಿಲ್ಲ. ಅಲ್ಲಿಂದ ನೇರ ಮೊದಲ ಮಂಚಕ್ಕೆ ಹೋಗಿ, ಅಲ್ಲೂ ತಾನೇ ಬರೆದದ್ದನ್ನು ಹೊಡೆದುಹಾಕಿ, ಪುನಃ ಎಣಿಸತೊಡಗಿದಳು. ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ತಮ್ಮ ರೋಗಿಗಳ ಬಳಿ ಹೋದರು.

ಕಾಲೇಜಿಗೆ ಹಿಂದಿರುಗುವ ದಾರಿಯಲ್ಲಿ ಶರಣ್ಯಾ ಪಕ್ಕದಲ್ಲೇ ನಡೆದಳು. "ಮೇಡಂ, ಒಂದ್ ಮಾತು. ನೋಟ್ಸ್ ಬೇಕು ಅಂತ ಪ್ರಿನ್ಸಿಪಾಲರ ಹತ್ರ ಮೊದ್ಲು ಮಾತಾಡಿದ್ದು ನಾನೇ."

"ಗೊತ್ತಾಯ್ತು."

"ಈಗ್ಲೂ ಬೇಕು ಮೇಡಂ. ಬೇಜಾರ್ ಮಾಡ್ಕೋಬೇಡಿ. ಬೋರ್ಡ್ ಪರೀಕ್ಷೇಲಿ ಮಹಬೂಬ್ ಬಿ ಬರಲ್ಲ. ಡೆಫಿನಿಷನ್ ಬತ್ತದೆ."

ಶ್ರೀವಾಣಿ ನಕ್ಕಳು.

ಶುಕ್ರವಾರ ಈರಭದ್ರಪ್ಪನವರು ಕರೆಸಿದರು. ಹುಡುಗಿಯರ ದೂರು, ಟೆಸ್ಟಿನ ಅಂಕ, ಎಲ್ಲ ಹೇಳಿ ಮುಗಿಸಿದರು. "ಮುಂದಿನ ತಿಂಗಳ ಟೈಮ್‌ಟೇಬಲ್ ನಾಳೆ ಮಧ್ಯಾಹ್ನ ಹಾಕ್ಬೇಕು. ನೋಟ್ಸು ಬರೆಸ್ತೀರಾ, ಫಿಸಿಯಾಲಜಿ ನಿಮ್ದೇ. ಆಗಲ್ಲ ಅಂದ್ರೆ ಅಭಿನವ ತಗೋತಾನೆ, ನೀವು ಆಸ್ಪತ್ರೆ ಪೋಸ್ಟಿಂಗ್ ನೋಡ್ಕೊಳ್ಳಿ. ಅದೂ ಖಾಲಿ ಐತೆ. ಬೆಳಿಗ್ಗೆ ಏಳೂವರೆಗೆಲ್ಲಾ ವಾರ್ಡಲ್ಲಿರ್ಬೇಕಾಗ್ತದೆ, ನಿಮ್ಗೆ ಮನೆ ಕೆಲ್ಸ ಬೇರೆ. ಯೋಚ್ನೆ ಮಾಡಿ. ಪಾಠ ಮಾಡೋ ಮೇಡಂ ಆಗಿದ್ದೋರು ಹುಡುಗೀರ ಹಿಂದೆ ಓಡಾಡೋದು ಚೆನ್ನಾಗಿರಲ್ಲ. ನೋಟ್ಸೇ ಬರೆಸ್ಬಿಡಿ ಕಣಮ್ಮ."

ಆ ಸಂಜೆ ಮನೆಯಲ್ಲಿ ಹೇಳಿನೋಡಿದಳು. ಗಂಡ ಊಟದ ತಟ್ಟೆಯ ಮುಂದಿದ್ದ.

"ನೋಟ್ಸ್ ಬರೆಸೋದ್ರಲ್ಲಿ ಕಷ್ಟ ಏನಿದೆ?" ಎಂದ ದ್ವಾರಕಾನಾಥ. "ಅವ್ರೇ ಬೇಕು ಅಂತಾರೆ. ನಿನಗೂ ಸಲೀಸು."

"ಅವರಿಗೆ ಅರ್ಥ ಆಗಲ್ಲ."

"ಎಲ್ರಿಗೂ ಎಲ್ಲಾ ಅರ್ಥ ಆಗ್ಲೇಬೇಕಾ? ಒಂಚೂರು ಸಾರು ಹಾಕು."

ಹಾಕಿದಳು. ನಿನ್ನೆ ವಾರ್ಡಿನಲ್ಲಿ ಒಬ್ಬ ಹುಡುಗಿ ಗಾಳಿಯಲ್ಲಿ ಬೆರಳಿನಿಂದ ದಾರಿ ಬರೆದದ್ದನ್ನು ಹೇಳೋಣವೆಂದು ಬಾಯಿ ತೆರೆದಳು. "ನಿನ್ನೆ ಒಬ್ಬ ಅಜ್ಜಿ..."

"ಸಾರಿಗೆ ಉಪ್ಪು ಕಮ್ಮಿ ಕಣೇ" ಎಂದರು ಒಳಗಿನಿಂದ ಭಾಗೀರಥಮ್ಮ. ಆಕರ್ಷ್ ಫೋನ್ ನೋಡುತ್ತಲೇ ತಟ್ಟೆ ಮುಂದಕ್ಕೆ ತಳ್ಳಿದ. ಎಲ್ಲರಿಗೂ ಉಪ್ಪು ಮುಟ್ಟಿಸಿ ಬರುವಷ್ಟರಲ್ಲಿ ದ್ವಾರಕಾನಾಥ ಕೈ ತೊಳೆಯಲು ಎದ್ದಿದ್ದ. ಯಾರೂ ಅವಳಿಗೆ ಕೇಡು ಬಯಸಿದವರಲ್ಲ. ಆ ಅಜ್ಜಿಗೆ ಏನಾಯಿತೆಂದು ಕೇಳುವ ಕುತೂಹಲ ಮಾತ್ರ ಯಾರಿಗೂ ಇರಲಿಲ್ಲ.

ಶನಿವಾರ ಮಧ್ಯಾಹ್ನಕ್ಕೆಲ್ಲ ಕಾಲೇಜು ಖಾಲಿಯಾಯಿತು. ಪ್ರಿನ್ಸಿಪಾಲರು ಕಡೂರಿನಲ್ಲಿ ಮದುವೆಯೊಂದಕ್ಕೆ ಹೋಗಿದ್ದರು. ಟೈಮ್‌ಟೇಬಲ್ಲಿನ ಹಾಳೆಯಲ್ಲಿ ಎರಡು ಜಾಗ ಖಾಲಿ ಬಿಟ್ಟು, ತುಂಬಿ ನೋಟಿಸ್ ಬೋರ್ಡಿಗೆ ಹಾಕಿಬಿಡಿ ಎಂದು ಅವಳ ಮೇಜಿನ ಮೇಲೆ ಇಟ್ಟಿದ್ದರು. ಅವಳು ಯಾವ ಹೆಸರು ಎಲ್ಲಿ ಬರೆಯುತ್ತಾಳೆಂದು ಅವರಿಗೆ ಅನುಮಾನವೇ ಇದ್ದಂತಿರಲಿಲ್ಲ.

ಹಾಳೆ ಹಿಡಿದು ಮೊದಲ ವರ್ಷದ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಕರಿಹಲಗೆ ಇಲ್ಲಿಂದ ದೂರ ಕಾಣುತ್ತಿತ್ತು. ಗಟ್ಟಿಯಾಗಿ ಮಾತಾಡಲು ಅವಳಿಗಿದ್ದದ್ದು ಈ ಕೋಣೆಯೊಂದೇ. ನೋಟ್ಸ್ ಬರೆಸುತ್ತೇನೆಂದರೆ ಕೋಣೆ ಉಳಿಯುತ್ತದೆ. ಮೊದಲ ಅರ್ಧ ಗಂಟೆ ಬರೆಸುವುದು, ಉಳಿದದ್ದರಲ್ಲಿ ಅರ್ಥ ಹೇಳುವುದು. ಹಾಗೆಂದು ತನಗೆ ತಾನೇ ಹೇಳಿಕೊಂಡಳು. ಆದರೆ ಪಠ್ಯ ಎಷ್ಟಿದೆಯೆಂದು ಗೊತ್ತಿತ್ತು. ಬರೆಸುವುದೇ ಗಂಟೆ ಪೂರ್ತಿ ತಿನ್ನುತ್ತದೆ. ಒಂದು ವರ್ಷದಲ್ಲಿ ಅವಳು ಇನ್ನೊಬ್ಬ ಅಭಿನವ ಆಗುತ್ತಾಳೆ, ಅವನಷ್ಟು ಚೊಕ್ಕವಾಗಿ ಬರೆಸಲೂ ಬಾರದ ಅಭಿನವ. ನೋಟ್ಸ್ ಬೇಡವೆಂದು ಹಟ ಹಿಡಿದರೆ ತೆರಬೇಕಾದವರು ಹುಡುಗಿಯರು. ಶರಣ್ಯಾ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಸಾಲುಗಳು ಅವಳಿಗೆ ಬಾಗಿಲಿನ ಕೀಲಿ, ಅವನ್ನು ಕಿತ್ತುಕೊಳ್ಳುವ ಹಕ್ಕು ಯಾವ ಉಪನ್ಯಾಸಕಿಗೂ ಇಲ್ಲ. ಸಾಲುಗಳನ್ನು ಅಭಿನವ ಕೊಡಲಿ. ಆದರೆ ಆ ಸಾಲುಗಳನ್ನು ಹಿಡಿದು ವಾರ್ಡಿಗೆ ಹೋದ ಹುಡುಗಿಯ ಪಕ್ಕದಲ್ಲಿ ನಿಂತು ಯಾಕೆ ಎಂದು ಕೇಳುವವರು ಒಬ್ಬರು ಬೇಕು. ಎದುರಿಗೆ ಮನುಷ್ಯರು ಉಸಿರಾಡುತ್ತಿರುವಲ್ಲಿ, ಕಾದರೆ, ಬಾಯಿ ಮುಚ್ಚಿಕೊಂಡು ಕಾದರೆ, ಉತ್ತರ ಅವರಿಂದಲೇ ಬರುತ್ತದೆ. ಅದನ್ನು ಅವಳು ಕಣ್ಣಾರೆ ಕಂಡಿದ್ದಳು.

ಯಾರನ್ನಾದರೂ ಕೇಳೋಣ ಎನ್ನಿಸಿತು. ಫೋನ್ ತೆಗೆದಳು. ಯಾರಿಗೆ ಮಾಡಲಿ ಎಂದು ಹೆಸರುಗಳನ್ನು ನೋಡುತ್ತ ಹೋಗಿ, ಕೊನೆ ಮುಟ್ಟಿ, ಒಳಗಿಟ್ಟಳು.

ಪೆನ್ನು ತೆಗೆದು ಫಿಸಿಯಾಲಜಿಯ ಎದುರು ಅಭಿನವನ ಹೆಸರು ಬರೆದಳು. ಅಕ್ಷರ ಸ್ವಲ್ಪ ಓರೆಯಾಯಿತು. ಕೆಳಗೆ, ಆಸ್ಪತ್ರೆ ಪೋಸ್ಟಿಂಗ್, ಮೊದಲ ವರ್ಷ, ಎಂಬುದರ ಎದುರು ತನ್ನ ಹೆಸರು ಬರೆದಳು. ಇದು ನೆಟ್ಟಗೆ ಬಂತು. ಹಾಳೆಯನ್ನು ತೆಗೆದುಕೊಂಡು ಹೋಗಿ, ಯಾರೂ ಇಲ್ಲದ ಕಾರಿಡಾರಿನ ಬೋರ್ಡಿಗೆ ನಾಲ್ಕು ಮೂಲೆಗೂ ಪಿನ್ನು ಚುಚ್ಚಿ ಹಾಕಿದಳು.